ಅಪ್‌ಡೇಟ್: ಕೆಲಸ ಹೋದ ಪರಿಹಾರದ ಲೆಕ್ಕ ಸರಿಯಾಯಿತು

ನನ್ನ ಪ್ರಶ್ನೆ: "11 ವರ್ಷ 7 ತಿಂಗಳು ದುಡಿದೆ. ಫ್ಯಾಕ್ಟರಿಯವರು 99,000 ರೂಪಾಯಿ ಪರಿಹಾರ ಅಂತಾರೆ. ಇದು ಸರಿಯಾ?"

ಸರಿ ಇರಲಿಲ್ಲ. 2024ರ ಮಾರ್ಚ್‌ನಲ್ಲಿ ನನ್ನನ್ನು ತೆಗೆದಾಗ ಕೈಗಾರಿಕಾ ವಿವಾದ ಕಾಯ್ದೆಯ 25ಎಫ್ ಸೆಕ್ಷನ್ ಜಾರಿಯಲ್ಲಿತ್ತು. ವರ್ಷಕ್ಕೆ 15 ದಿನದ ಸರಾಸರಿ ಸಂಬಳ ಕೊಡಬೇಕು. ಆರು ತಿಂಗಳು ದಾಟಿದ ಉಳಿಕೆಯೂ ಒಂದು ವರ್ಷವೇ. ಅಂದರೆ ನನಗೆ 12 ವರ್ಷ. ಅವರು 11 ಹಿಡಿದಿದ್ದರು, ಅದೂ ಬೇಸಿಕ್, ಡಿಎ ಸೇರಿದ 18,000ದ ಮೇಲೆ ಮಾತ್ರ.

ಕಾರ್ಮಿಕ ಅಧಿಕಾರಿ ಡಿಸೆಂಬರ್, ಜನವರಿ, ಫೆಬ್ರವರಿಯ ಸ್ಲಿಪ್ ಮೇಜಿನ ಮೇಲೆ ಹರಡಿಕೊಂಡು ಕೂತರು. ಮನೆ ಬಾಡಿಗೆ ಭತ್ಯೆ, ಶಿಫ್ಟ್ ಭತ್ಯೆ ಸೇರಿ 20,600, 21,000, 21,400. ಸರಾಸರಿ 21,000.

ನಾನೂ ಎಡವಿದ್ದೆ. ಗ್ರಾಚ್ಯುಟಿ ಥರ ತಿಂಗಳ ಸಂಬಳವನ್ನು 26 ದಿನದಿಂದ ಭಾಗಿಸಿ 1,45,385 ಅಂತ ಬರೆದುಕೊಂಡು ಹೋಗಿದ್ದೆ! "ಇಲ್ಲಿ 26 ನಡೆಯಲ್ಲಪ್ಪ, 15 ದಿನ ಅಂದರೆ ಅರ್ಧ ತಿಂಗಳು" ಎಂದರು. 2007ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಅದೇ.

ಹಾಗಾಗಿ 10,500 ಗುಣಿಸು 12, ಒಟ್ಟು 1,26,000. ನೋಟಿಸ್ ಕೊಡದೆ ತೆಗೆದಿದ್ದಕ್ಕೆ ಒಂದು ತಿಂಗಳ ಸಂಬಳ ಬೇರೆ. ಗ್ರಾಚ್ಯುಟಿಯೂ ಬೇರೆಯೇ, ಇದರಲ್ಲಿ ಕಳೆಯುವ ಹಾಗಿಲ್ಲ.

ತೆಗೆಯುವ ಹೊತ್ತಿಗೇ ಪರಿಹಾರ ಕೊಡಬೇಕಿತ್ತು, ಇಲ್ಲದಿದ್ದರೆ ತೆಗೆದದ್ದೇ ಊರ್ಜಿತ ಅಲ್ಲ ಅಂತ ಅಧಿಕಾರಿ ಹೇಳಿದ ಮೇಲೆ ಎಚ್‌ಆರ್‌ನವರು ಜಾಸ್ತಿ ಮಾತಾಡಲಿಲ್ಲ. ಬಾಕಿ 27,000 ನಿನ್ನೆ ಖಾತೆಗೆ ಬಂತು.