ಸೇರಿ ಏಳು ವಾರ ಆಗಿದೆ, ಸಾಲಕ್ಕೆ ಉದ್ಯೋಗ ದೃಢೀಕರಣ ಪತ್ರ ಬೇಕು: ಎಚ್‌ಆರ್ ಹತ್ತಿರ ಹೇಗೆ ಕೇಳುವುದು?

ಸೌಮ್ಯ (ಪ್ರಶ್ನೆ): ಹೊಸ ಕೆಲಸಕ್ಕೆ ಸೇರಿ ಏಳು ವಾರ ಆಯಿತು. ಪ್ರೊಬೇಷನ್ ಆರು ತಿಂಗಳು. ಮನೆ ಸಾಲಕ್ಕೆ ಅರ್ಜಿ ಹಾಕಿದ್ದೇನೆ. ಬ್ಯಾಂಕಿನವರು ಕಂಪನಿಯಿಂದ ಪತ್ರ ತನ್ನಿ ಅಂದರು. ಎಚ್‌ಆರ್ ಪೋರ್ಟಲ್‌ನಲ್ಲಿ ಬಟನ್ ಒತ್ತಿದೆ, ಮೂರು ಸಾಲಿನ ಪತ್ರ ಬಂತು: ಹೆಸರು, ಹುದ್ದೆ, ಸೇರಿದ ದಿನ. ಬ್ಯಾಂಕು ಅದನ್ನು ವಾಪಸ್ ಕಳಿಸಿದೆ. ಈಗ ಎಚ್‌ಆರ್ ಹತ್ತಿರ ಮತ್ತೆ ಹೋಗಿ ಕೇಳಲು ಮುಜುಗರ. ಬಂದ ಎರಡೇ ತಿಂಗಳಿಗೆ ಸಾಲಕ್ಕೆ ಓಡಾಡುತ್ತಿದ್ದಾಳೆ ಅಂದುಕೊಳ್ಳುತ್ತಾರಾ? ಪತ್ರದಲ್ಲಿ ಏನೇನು ಬರೆಸಬೇಕು?

ರಘು: ಇಷ್ಟಕ್ಕೆಲ್ಲ ಯಾಕೆ ತಲೆಬಿಸಿ? ಆಫರ್ ಲೆಟರ್ ಕೊಡಿ, ಅದರಲ್ಲಿ ಸಂಬಳ ಎಲ್ಲ ಇರುತ್ತದೆ. ಪತ್ರ ಬೇಕೇ ಬೇಕು ಅಂದರೆ ನಿಮ್ಮ ಮ್ಯಾನೇಜರ್ ಕೈಲಿ ಬರೆಸಿ ಸಹಿ ಹಾಕಿಸಿಕೊಳ್ಳಿ. ಒಂದು ಮಾತು, ಪ್ರೊಬೇಷನ್ ವಿಷಯ ಮಾತ್ರ ಎಲ್ಲೂ ಬರದಂತೆ ನೋಡಿಕೊಳ್ಳಿ.

ವನಜಾ: ಹದಿನಾಲ್ಕು ವರ್ಷದಿಂದ ಎಚ್‌ಆರ್‌ನಲ್ಲಿದ್ದೇನೆ, ಇಂಥ ಪತ್ರ ವಾರಕ್ಕೆ ಎರಡು ಮೂರಾದರೂ ಬರೆಯುತ್ತೇನೆ. ಮೊದಲು ಮುಜುಗರದ ಮಾತು. ನಮಗೆ ಇದು ಐಡಿ ಕಾರ್ಡ್ ಕೇಳಿದ ಹಾಗೆ. ಹೊಸಬರು ಕೇಳಿದರೆ ಯಾರೂ ಹುಬ್ಬೇರಿಸುವುದಿಲ್ಲ. ನಮಗೆ ಬೇಜಾರಾಗುವುದು, ಒಂದೇ ಪತ್ರಕ್ಕೆ ನಾಲ್ಕು ಸಲ ಬಂದು "ಇದೊಂದು ಬಿಟ್ಟುಹೋಗಿದೆ" ಅಂದಾಗ.

ಹಾಗಾಗಿ ಎಚ್‌ಆರ್‌ಗಿಂತ ಮುಂಚೆ ಬ್ಯಾಂಕಿಗೆ ಹೋಗಿ. ಪತ್ರದಲ್ಲಿ ಯಾವ ಸಾಲು ಬೇಕಿತ್ತು, ಯಾವುದು ಇಲ್ಲ ಅಂತ ಬರಹದಲ್ಲಿ ಕೇಳಿ. ಅವರದ್ದೇ ನಮೂನೆ ಇದ್ದರೆ ಅದನ್ನೇ ಇಸಿದುಕೊಳ್ಳಿ. ಎಷ್ಟೋ ಬ್ಯಾಂಕುಗಳು ತಮ್ಮದೇ ಫಾರ್ಮ್ ಇಟ್ಟಿರುತ್ತವೆ, ಕೇಳದಿದ್ದರೆ ಕೊಡುವುದಿಲ್ಲ ಅಷ್ಟೆ.

ರಘು ಅವರೇ, ಆಫರ್ ಲೆಟರ್ ಹೇಳುವುದು ಕಂಪನಿ ಏನು ಕೊಡುತ್ತೇನೆ ಅಂದಿತ್ತು ಅನ್ನೋದನ್ನು. ಆ ಮನುಷ್ಯ ಬಂದು ಸೇರಿದನಾ, ಇವತ್ತಿಗೂ ಕೆಲಸದಲ್ಲಿದ್ದಾನಾ ಅಂತ ಅದು ಹೇಳುವುದಿಲ್ಲ. ಬ್ಯಾಂಕಿಗೆ ಬೇಕಾದ್ದು ಅದೇ. ಜೊತೆಗೆ ಲಗತ್ತಿಸಬಹುದು, ಬದಲಿಗೆ ಕೊಡಲು ಆಗಲ್ಲ. ಮ್ಯಾನೇಜರ್ ಸಹಿಯೂ ಬೇಡ. ಕಂಪನಿ ಪರವಾಗಿ ಇಂಥ ಪತ್ರ ಕೊಡುವ ಅಧಿಕಾರ ಸಾಮಾನ್ಯವಾಗಿ ಅವರಿಗೆ ಇರುವುದಿಲ್ಲ. ನಾಳೆ ಬ್ಯಾಂಕು ಎಚ್‌ಆರ್‌ಗೆ ಫೋನ್ ಮಾಡಿ "ಈ ಪತ್ರ ನಿಮ್ಮದಾ" ಅಂತ ಕೇಳಿದರೆ ಎಚ್‌ಆರ್ "ನಮ್ಮ ದಾಖಲೆಯಲ್ಲಿಲ್ಲ" ಅನ್ನುತ್ತದೆ. ಅಲ್ಲಿಗೆ ಅರ್ಜಿ ಕತೆ ಮುಗಿಯಿತು.

ಸೌಮ್ಯ: ಮೇಡಂ, ಬ್ಯಾಂಕಿಗೆ ಫೋನ್ ಮಾಡಿದೆ. ಸಂಬಳ, ನೌಕರಿಯ ಬಗೆ, ಸಹಿ ಹಾಕಿದವರ ಹೆಸರು ಮತ್ತು ನಂಬರ್ ಬೇಕಂತೆ. ಇನ್ನೊಂದು ಮಾತು ಅಂದರು, "ಆಫರ್ ಲೆಟರ್‌ನ ಸಂಬಳಕ್ಕೂ ನಿಮ್ಮ ಅಕೌಂಟಿಗೆ ಬಂದ ಹಣಕ್ಕೂ ತಾಳೆಯಾಗ್ತಿಲ್ಲ." ನಾನೇನೂ ಸುಳ್ಳು ಬರೆದಿಲ್ಲ!

ವನಜಾ: ಇದು ಹೊಸದಾಗಿ ಸೇರಿದವರಿಗೆಲ್ಲ ಬರುವ ತೊಂದರೆ. ಪ್ಯಾಕೇಜ್ ಎಷ್ಟು, ಯಾವ ದಿನ ಸೇರಿದಿರಿ, ಹೇಳಲು ಅಡ್ಡಿಯಿಲ್ಲ ಅಂದರೆ ಲೆಕ್ಕ ಹಾಕಿ ತೋರಿಸುತ್ತೇನೆ.

ಸೌಮ್ಯ: ವರ್ಷಕ್ಕೆ 8,40,000. ಅದರಲ್ಲಿ 1,20,000 ವೇರಿಯಬಲ್. ಜೂನ್ 12ಕ್ಕೆ ಸೇರಿದೆ.

ವನಜಾ: ಸರಿ. ಬ್ಯಾಂಕಿನವರು 8,40,000 ಅನ್ನು ಹನ್ನೆರಡರಿಂದ ಭಾಗಿಸಿದರು, ತಿಂಗಳಿಗೆ 70,000 ಬಂತು. ಆದರೆ ವೇರಿಯಬಲ್ ತಿಂಗಳು ತಿಂಗಳು ಬರುವ ದುಡ್ಡಲ್ಲ. ಅದನ್ನು ಕಳೆದರೆ 7,20,000, ಅಂದರೆ ತಿಂಗಳಿಗೆ 60,000. ಜೂನ್‌ನಲ್ಲಿ ನೀವು ಇದ್ದದ್ದು 12ರಿಂದ 30ರವರೆಗೆ, 19 ದಿನ. ಆ ತಿಂಗಳ ಸಂಬಳ 60,000ದಲ್ಲಿ 30ಕ್ಕೆ 19 ಪಾಲು, 38,000. ಅದರಲ್ಲೂ ಕಡಿತ ಹೋಗಿ ಅಕೌಂಟಿಗೆ ಬಿದ್ದದ್ದು ಇನ್ನೂ ಕಮ್ಮಿ. ಜುಲೈ ಪೂರ್ತಿ ಸಂಬಳದಲ್ಲೂ ಕಡಿತ ಇದೆ. ಬ್ಯಾಂಕಿನ ಗುಮಾಸ್ತರ ಎದುರು ಕೂತಿರುವುದು 70,000ದ ಕಾಗದ ಮತ್ತು 38,000ಕ್ಕೂ ಕಮ್ಮಿಯ ಪಾಸ್‌ಬುಕ್. ಅವರಿಗೆ ಅನುಮಾನ ಬರದೆ ಇರುತ್ತಾ?

ಪರಿಹಾರ ಪತ್ರದಲ್ಲೇ ಇದೆ. ಸಂಬಳವನ್ನು ಒಂದೇ ಅಂಕಿಯಾಗಿ ಬರೆಸಬೇಡಿ. "ನಿಗದಿತ ಸಂಬಳ ತಿಂಗಳಿಗೆ 60,000, ಕಡಿತಕ್ಕೆ ಮುಂಚೆ. ಇದಲ್ಲದೆ ಕೆಲಸದ ಗುಣಮಟ್ಟ ನೋಡಿ ವರ್ಷಕ್ಕೆ 1,20,000ದವರೆಗೆ ವೇರಿಯಬಲ್" ಅಂತ ಬೇರೆ ಬೇರೆ ಬರೆಸಿ. ಸೇರಿದ ದಿನ ಸ್ಪಷ್ಟವಾಗಿರಲಿ, ಆಗ ಜೂನ್ ಸಂಬಳ ಯಾಕೆ ಅರ್ಧಂಬರ್ಧ ಅನ್ನೋದು ಅವರಿಗೇ ಗೊತ್ತಾಗುತ್ತದೆ. ಜೂನ್, ಜುಲೈ ಎರಡೂ ಸ್ಯಾಲರಿ ಸ್ಲಿಪ್ ಜೊತೆಗಿಡಿ. ಸ್ಲಿಪ್‌ನಲ್ಲಿ "ಹಾಜರಿದ್ದ ದಿನ 19" ಅಂತ ಇದ್ದರೆ ಆ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿ ಕೊಟ್ಟರೂ ತಪ್ಪಿಲ್ಲ. ಒಂದು ನಿರಾಸೆಯ ಮಾತೂ ಹೇಳಿಬಿಡುತ್ತೇನೆ. ನಿಮ್ಮ ಸಾಲದ ಮೊತ್ತ ಬಹುಪಾಲು ಆ 60,000ದ ಮೇಲೇ ನಿಲ್ಲುತ್ತದೆ, 70,000ದ ಮೇಲಲ್ಲ. ಸೇರುವಾಗ ಕೊಟ್ಟ ಬೋನಸ್ ಇದ್ದರೆ ಅದನ್ನೂ ಎಣಿಸಬೇಡಿ, ಅದು ಒಂದೇ ಸಲದ್ದು.

ಲತಾ: ನನಗೂ ಇದೇ ಗೋಳು. ಹಳೇ ಕಂಪನಿಯವರು ಅನುಭವ ಪತ್ರ ಕೊಡದೆ ಮೂರು ತಿಂಗಳಿಂದ ಸತಾಯಿಸುತ್ತಿದ್ದಾರೆ. ಅವರ ಮೇಲೆ ದೂರು ಕೊಡಬಹುದಾ?

ವನಜಾ: ಲತಾ ಅವರೇ, ನಿಮ್ಮದು ಬೇರೆ ಪತ್ರ. ಇಲ್ಲಿ ಮಾತಾಡುತ್ತಿರುವುದು ಈಗಿನ ಕಂಪನಿ ಕೊಡುವುದರ ಬಗ್ಗೆ. ಬೇರೆ ಪೋಸ್ಟ್ ಹಾಕಿ, ಅಲ್ಲಿ ಮಾತಾಡೋಣ. ಆದರೆ ನೀವು ಹೇಳಿದ್ದರಿಂದ ನೆನಪಾಯಿತು. ಸೌಮ್ಯ, ಹಳೇ ಕೆಲಸದ ಬಿಡುಗಡೆ ಪತ್ರ ಇದೆ ಅಲ್ವಾ? ಅದನ್ನೂ ಫೈಲಿಗೆ ಸೇರಿಸಿ. ಏಳು ವಾರದ ನೌಕರಿ ಒಂದನ್ನೇ ನೋಡಿದರೆ ಬ್ಯಾಂಕಿಗೆ ಧೈರ್ಯ ಬರುವುದಿಲ್ಲ. ಅದೇ ಬಗೆಯ ಕೆಲಸದಲ್ಲಿ ವರ್ಷಗಳಿಂದ ಇದ್ದೀರಿ, ನಡುವೆ ಖಾಲಿ ಕೂತಿಲ್ಲ ಅಂತ ಗೊತ್ತಾದರೆ ನೋಡುವ ರೀತಿಯೇ ಬೇರೆ.

ಪ್ರಕಾಶ: ನಾನು ಸಾಲ ವಿಭಾಗದಲ್ಲಿ ಆರು ವರ್ಷ ಇದ್ದೆ. ಮೇಡಂ ಹೇಳಿದ ಲೆಕ್ಕ ಸರಿ. ನನ್ನದೊಂದು ಸೇರಿಸುತ್ತೇನೆ. ಪತ್ರದ ಮೇಲಿರುವ ನಂಬರಿಗೆ ನಾವು ಫೋನ್ ಮಾಡುತ್ತಿರಲಿಲ್ಲ. ಕಳ್ಳ ಪತ್ರ ಮಾಡುವವನು ನಂಬರೂ ತನ್ನ ಗೆಳೆಯನದೇ ಹಾಕಿರುತ್ತಾನೆ. ಕಂಪನಿಯ ವೆಬ್‌ಸೈಟ್‌ನಿಂದ ನಂಬರ್ ತೆಗೆದು ಅಲ್ಲಿಗೆ ಮಾಡುತ್ತಿದ್ದೆವು. ಅಲ್ಲಿ ಎತ್ತುವವರು ರಿಸೆಪ್ಷನ್‌ನವರು. ಎರಡು ತಿಂಗಳ ಹಿಂದೆ ಸೇರಿದವರ ಹೆಸರು ಅವರಿಗೆ ಗೊತ್ತಿರುವುದಿಲ್ಲ. "ಆ ಹೆಸರಿನವರು ಯಾರೂ ಇಲ್ಲ" ಅಂದುಬಿಡುತ್ತಾರೆ. ಒಬ್ಬರ ಫೈಲ್ ಇದರಿಂದಲೇ ಮೂರು ವಾರ ನಿಂತಿದ್ದು ನನಗೆ ನೆನಪಿದೆ. ಅವರ ಹೆಸರು ಪತ್ರದಲ್ಲಿ ಒಂದು ಥರ, ಆಫೀಸಿನ ಪಟ್ಟಿಯಲ್ಲಿ ಇನಿಷಿಯಲ್ ಜೊತೆ ಇನ್ನೊಂದು ಥರ. ಹಣ ಬಿಡುಗಡೆ ಮಾಡುವ ಮುಂಚೆಯೂ ಒಮ್ಮೆ ಫೋನ್ ಮಾಡಿ ಇನ್ನೂ ಕೆಲಸದಲ್ಲಿದ್ದಾರಾ ಅಂತ ಕೇಳುತ್ತಿದ್ದೆವು, ಹಾಗಾಗಿ ಒಂದು ಸಲಕ್ಕೆ ಮುಗಿಯಿತು ಅಂದುಕೊಳ್ಳಬೇಡಿ.

ವನಜಾ: ಪ್ರಕಾಶ್ ಸರ್ ಹೇಳಿದ್ದು ನೂರಕ್ಕೆ ನೂರು. ನಮ್ಮ ಕಡೆಯ ತೊಡಕೂ ಒಂದಿದೆ. ಫೋನ್‌ನಲ್ಲಿ ಯಾರೋ ಸಂಬಳ ಕೇಳಿದರೆ ನಾವು ಹೇಳುವುದಿಲ್ಲ, ನೌಕರರ ಒಪ್ಪಿಗೆ ಬರಹದಲ್ಲಿ ಇರಬೇಕು. ಆದ್ದರಿಂದ ಆ ಒಪ್ಪಿಗೆಯನ್ನೂ ಇದೇ ಮೇಲ್‌ನಲ್ಲಿ ಕೊಟ್ಟುಬಿಡಿ. ಹೀಗೆ ಬರೆದರೆ ಸಾಕು:

"ನಮಸ್ಕಾರ. ಮನೆ ಸಾಲಕ್ಕೆ ಅರ್ಜಿ ಹಾಕಿದ್ದೇನೆ. ಬ್ಯಾಂಕು ಕೇಳಿರುವ ಅಂಶಗಳ ಮೇಲ್ ಲಗತ್ತಿಸಿದ್ದೇನೆ. ಪೋರ್ಟಲ್‌ನ ಪತ್ರದಲ್ಲಿ ಸಂಬಳ ಮತ್ತು ನೌಕರಿಯ ಬಗೆ ಇಲ್ಲದ ಕಾರಣ ಅದು ವಾಪಸ್ ಬಂದಿದೆ. ದಯವಿಟ್ಟು ಈ ಅಂಶಗಳೊಂದಿಗೆ, ಬ್ಯಾಂಕಿನ ಹೆಸರಿಗೆ ಪತ್ರ ಕೊಡಿ. ನಿಗದಿತ ಸಂಬಳ ಮತ್ತು ವೇರಿಯಬಲ್ ಬೇರೆ ಬೇರೆ ಇದ್ದರೆ ಒಳ್ಳೆಯದು. ಬ್ಯಾಂಕಿನವರು ವಿಚಾರಿಸಿದರೆ ನನ್ನ ನೌಕರಿ ಮತ್ತು ಸಂಬಳದ ವಿವರ ಖಚಿತಪಡಿಸಲು ನನ್ನ ಒಪ್ಪಿಗೆ ಇದೆ. ಮುಂದಿನ ಶುಕ್ರವಾರದೊಳಗೆ ಸಿಕ್ಕರೆ ಅನುಕೂಲ."

ಪತ್ರ ಕೈಗೆ ಬಂದಾಗ ಹೆಸರಿನ ಕಾಗುಣಿತ ಗುರುತಿನ ಚೀಟಿಯಲ್ಲಿ ಇದ್ದಂತೆಯೇ ಇದೆಯಾ, ಸೇರಿದ ದಿನ ಸ್ಲಿಪ್‌ನಲ್ಲಿರುವುದೇನಾ ನೋಡಿ. ಆಫರ್‌ನಲ್ಲಿ ಒಂದು ದಿನ ಬರೆದು, ಸೇರಿದ್ದು ಇನ್ನೊಂದು ದಿನ ಆಗಿದ್ದರೆ ಟೆಂಪ್ಲೇಟ್ ಹಳೆಯದನ್ನೇ ಎತ್ತಿಕೊಂಡುಬಿಡುತ್ತದೆ. ನನ್ನ ಕೈಯಿಂದಲೇ ಹೀಗೆ ಆಗಿದೆ.

ರಘು: ಪ್ರೊಬೇಷನ್ ವಿಷಯಕ್ಕೆ ನೀವು ಉತ್ತರ ಕೊಡಲೇ ಇಲ್ಲ. ಅದನ್ನು ಬರೆಸಿದರೆ ಸಾಲ ಸಿಗುತ್ತಾ?

ವನಜಾ: ಪ್ರೊಬೇಷನ್ ಅಂದರೆ ತಾತ್ಕಾಲಿಕ ಕೆಲಸ ಅಲ್ಲ, ಅದು ತುಂಬಾ ಜನಕ್ಕೆ ಗೊತ್ತಿಲ್ಲ. "ಪೂರ್ಣಾವಧಿಯ, ಕಾಯಂ ಹುದ್ದೆ. ಸದ್ಯ ಆರು ತಿಂಗಳ ಪ್ರೊಬೇಷನ್‌ನಲ್ಲಿದ್ದಾರೆ" ಅಂತ ಎರಡೂ ಬರೆಸಿ. ಕಾಯಂ ಅನ್ನುವ ಪದ ಬರೆಯಲು ನಾವು ಒಪ್ಪದಿದ್ದರೆ "ಅವಧಿ ಗೊತ್ತುಮಾಡದ ನೌಕರಿ" ಅಂದರೂ ಅದೇ ಅರ್ಥ. ಮುಚ್ಚಿಡಲು ನಾನಂತೂ ಹೇಳಲಾರೆ. ಅರ್ಜಿಯಲ್ಲೇ ಪ್ರಶ್ನೆ ಇರುತ್ತದೆ, ಅಲ್ಲಿ "ಇಲ್ಲ" ಅಂತ ಬರೆದು ಫೋನ್‌ನಲ್ಲಿ "ಹೌದು" ಅಂತ ಗೊತ್ತಾದರೆ ಏನಾಗುತ್ತೆ ಅಂತ ಪ್ರಕಾಶ್ ಸರ್ ಹೇಳಲಿ.

ಪ್ರಕಾಶ: ಅಲ್ಲಿಗೆ ತಿರಸ್ಕಾರ, ಬೇರೆ ಮಾತಿಲ್ಲ. ಆದರೆ ನಿಜ ಬರೆದರೂ ಸಿಕ್ಕೇ ಸಿಗುತ್ತದೆ ಅನ್ನಲಾರೆ ಮೇಡಂ. ನಾನಿದ್ದ ಕಡೆ ಕನ್‌ಫರ್ಮ್ ಆದ ಮೇಲೆ ಬನ್ನಿ ಅಂತ ಎಷ್ಟೋ ಫೈಲ್ ಪಕ್ಕಕ್ಕಿಟ್ಟಿದ್ದೇವೆ. ಬೇರೆ ಕಡೆ ಅದೇ ಫೈಲ್ ಪಾಸಾಗಿದ್ದೂ ಇದೆ.

ಜೋಸೆಫ್: ಮಧ್ಯೆ ಬಾಯಿ ಹಾಕುತ್ತಿದ್ದೇನೆ, ವೀಸಾಗೂ ಇದೇ ಪತ್ರ ನಡೆಯುತ್ತಾ? ನನ್ನದು ಹೋದ ವರ್ಷ ಕೆಟ್ಟಿತು. ಪತ್ರದಲ್ಲಿ ರಜೆ 3ರಿಂದ 12ರವರೆಗೆ ಅಂತ ಇತ್ತು, ವಾಪಸ್ ಟಿಕೆಟ್ 14ಕ್ಕೆ. ನಡುವಿನ ಎರಡು ದಿನ ಎಲ್ಲಿರ್ತೀರಿ ಅಂತ ಕೇಳಿದರು. ಮತ್ತೆ ಹೊಸ ಪತ್ರ ತರಬೇಕಾಯಿತು.

ವನಜಾ: ಬ್ಯಾಂಕಿನ ಪತ್ರವನ್ನೇ ಅಲ್ಲಿಗೆ ಕೊಡಬೇಡಿ. ಬ್ಯಾಂಕು ನೋಡುವುದು ತೀರಿಸುತ್ತೀರಾ ಅಂತ. ಪ್ರವಾಸದ ವೀಸಾ ಕೊಡುವವರು ನೋಡುವುದು ತಿರುಗಿ ಬರ್ತೀರಾ ಅಂತ. ಅದಕ್ಕೆ ಮಂಜೂರಾದ ರಜೆಯ ದಿನಗಳು, ಮತ್ತೆ ಕೆಲಸಕ್ಕೆ ಹಾಜರಾಗುವ ದಿನ, ಪಾಸ್‌ಪೋರ್ಟ್‌ನಲ್ಲಿ ಇರುವಂತೆ ಹೆಸರು ಬೇಕು. ಹೊಸಬರಿಗೆ ಇಲ್ಲೇ ತೊಡಕು. ರಜೆ ಇನ್ನೂ ಕೂಡಿರುವುದಿಲ್ಲ. ಮೊದಲು ರಜೆಯನ್ನು, ಬೇಕಿದ್ದರೆ ಸಂಬಳವಿಲ್ಲದ ರಜೆಯಾದರೂ ಸರಿ, ಮಂಜೂರು ಮಾಡಿಸಿಕೊಳ್ಳಿ, ಆಮೇಲೆ ಪತ್ರ ಕೇಳಿ. ಮಂಜೂರಾಗದ ರಜೆಯನ್ನು ನಾವು ಬರೆಯುವುದಿಲ್ಲ. "ಇವರು ವಾಪಸ್ ಬರುವುದಕ್ಕೆ ನಾವು ಜವಾಬ್ದಾರರು" ಅಂತ ಬರೆದುಕೊಡಿ ಅಂತಲೂ ಕೆಲವರು ಪೀಡಿಸುತ್ತಾರೆ. ಯಾವ ಎಚ್‌ಆರ್ ಬರೆದುಕೊಡುತ್ತೆ ಹೇಳಿ!

ಸೌಮ್ಯ: ಮೇಲ್ ಕಳಿಸಿದೆ, ಮೂರನೇ ದಿನಕ್ಕೆ ಉತ್ತರ ಬಂತು. ಪತ್ರ ಕೊಡುತ್ತಾರಂತೆ, ಪ್ರೊಬೇಷನ್ ವಾಕ್ಯವೂ ನೀವು ಹೇಳಿದ ಹಾಗೇ ಇದೆ. ಆದರೆ ಸಂಬಳ ವಾರ್ಷಿಕ ಒಟ್ಟು ಮೊತ್ತ ಮಾತ್ರ, ಬಿಡಿಬಿಡಿಯಾಗಿ ಬರೆಯುವುದು ನಮ್ಮ ಪದ್ಧತಿಯಲ್ಲ ಅಂದರು. ಮತ್ತೆ 8,40,000ಕ್ಕೇ ಬಂದು ನಿಂತಿತು.

ವನಜಾ: ಆ ವಿಷಯಕ್ಕೆ ಜಗಳ ಬೇಡ. ನೇಮಕಾತಿ ಪತ್ರದ ಕೊನೆಯಲ್ಲಿ ಸಂಬಳದ ವಿಂಗಡಣೆಯ ಪುಟ ಇರುತ್ತದೆ, ನಿಗದಿತ ಮೊತ್ತ ಎಷ್ಟು, ವೇರಿಯಬಲ್ ಎಷ್ಟು ಅಂತ. ಆ ಪುಟದ ಮೇಲೆ ಎಚ್‌ಆರ್ ಮೊಹರು ಮತ್ತು ಸಹಿ ಹಾಕಿಸಿ ಜೊತೆಗೆ ಕೊಡಿ. ಅವರೇ ಕೊಟ್ಟ ಕಾಗದ, ಹೊಸದೇನೂ ಬರೆಯಬೇಕಿಲ್ಲ, ಹಾಕಿಕೊಡುತ್ತಾರೆ. ಅದು ನಡೆಯುತ್ತಾ ಅಂತ ಬ್ಯಾಂಕನ್ನು ಮೊದಲೇ ಕೇಳಿಕೊಳ್ಳಿ.

ಪ್ರಕಾಶ: ನಾವಾಗಿದ್ದರೆ ತಗೊಳ್ಳುತ್ತಿದ್ದೆವು. ಪತ್ರದ ತಾರೀಖು ಮಾತ್ರ ಗಮನದಲ್ಲಿರಲಿ. ಒಂದು ತಿಂಗಳು ದಾಟಿದರೆ ಹೊಸದು ತನ್ನಿ ಅನ್ನುತ್ತಿದ್ದೆವು.

ಸೌಮ್ಯ: ಸೋಮವಾರ ಬ್ಯಾಂಕಿಗೆ ಹೋಗುತ್ತೇನೆ. ರಿಸೆಪ್ಷನ್‌ನವರಿಗೂ ಹೋಗಿ ನನ್ನ ಹೆಸರು ಹೇಳಿ ಬಂದೆ, ಪಾಪ ಅವರು ಬರೆದಿಟ್ಟುಕೊಂಡರು.