ಓದುಗರ ಸ್ಪಂದನ: ಮಗು ಎದ್ದ ತಕ್ಷಣ ಕೆಳಗಿಡಬಹುದಾದ ಕೆಲಸ

ಕಳೆದ ಸಂಚಿಕೆಯಲ್ಲಿ ಅರಸೀಕೆರೆಯ ಓದುಗರೊಬ್ಬರು ತಮ್ಮ ಸಮಸ್ಯೆ ಬರೆದಿದ್ದರು. ಮಗಳಿಗೆ ಒಂದೂಮುಕ್ಕಾಲು ವರ್ಷ. ಗಂಡ ಬೆಳಿಗ್ಗೆ ಹೋದರೆ ರಾತ್ರಿ ಬರುತ್ತಾರೆ, ಮನೆಯಲ್ಲಿ ಬೇರೆ ಹಿರಿಯರಿಲ್ಲ. ಮಧ್ಯಾಹ್ನ ಒಂದು ನಿದ್ದೆ, ಉಳಿದಂತೆ 15–20 ನಿಮಿಷದ ಬಿಡುವು. ಹೊರಗೆ ಹೋಗಿ ಬರುವಂತಿಲ್ಲ. ಹೊಲಿಗೆ ಯಂತ್ರ ಇದೆ, ಕೈಯಲ್ಲಿ ಐದಾರು ಸಾವಿರ ರೂಪಾಯಿ ಇದೆ. "ಏನು ಶುರು ಮಾಡಲಿ?" ಎಂದು ಕೇಳಿದ್ದರು. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

ಹಾಸನದಿಂದ

ತಂಗಿ, ನಿಮ್ಮ ಪತ್ರ ಓದಿದಾಗ ಏಳು ವರ್ಷದ ಹಿಂದಿನ ನನ್ನ ಮನೆಯೇ ಕಣ್ಣಿಗೆ ಬಂತು. ನಾನು ಮೊದಲು ಬ್ಲೌಸ್ ಹೊಲಿಯಲು ಹೋದೆ. ಬ್ಲೌಸ್ ಕತ್ತರಿಸಲು ಕೂತರೆ ಮಧ್ಯೆ ಏಳಬಾರದು. ಎದ್ದು ಬಂದರೆ ಎಲ್ಲಿಗೆ ನಿಂತಿತ್ತು, ಎಷ್ಟು ಬಿಟ್ಟಿದ್ದೆ ಅನ್ನುವುದೇ ಮರೆತುಹೋಗುತ್ತದೆ. ಎರಡು ಬ್ಲೌಸ್ ಕೆಡಿಸಿ ಬಟ್ಟೆಯ ದುಡ್ಡು ಕೊಟ್ಟ ಮೇಲೆ ಸೀರೆ ಕುಚ್ಚಿಗೆ ಬಂದೆ. ನಿಮಗೂ ಅದನ್ನೇ ಹೇಳುತ್ತೇನೆ. ಒಂದೊಂದು ಕುಚ್ಚೂ ಒಂದೊಂದು ಮುಗಿದ ಕೆಲಸ. ಮೂವತ್ತನೆಯದರ ಗಂಟು ಬಿಗಿದ ಮೇಲೆ ಮಗು ಅತ್ತರೆ ಎದ್ದು ಹೋಗಿ, ಸಂಜೆ ಬಂದು ಮೂವತ್ತೊಂದನೆಯದು ಶುರು ಮಾಡಿ. ಏನೂ ಕೆಡುವುದಿಲ್ಲ.

ಮಾಡುವ ರೀತಿ ಹೇಳುತ್ತೇನೆ. ಸೆರಗಿನ ತುದಿಯನ್ನು ಸಣ್ಣಗೆ ಎರಡು ಮಡಿಕೆ ಮಾಡಿ ಕೈಯಲ್ಲಿ ಹೆಮ್ಮಿಂಗ್ ಹಾಕಿಕೊಳ್ಳಿ. ಅದರ ಮೇಲೆ ಅರ್ಧ ಇಂಚಿಗೊಂದರಂತೆ ಚಾಕಿನಲ್ಲಿ ಚುಕ್ಕೆ ಇಡಿ. ಸೆರಗು 45 ಇಂಚಿನಷ್ಟು ಅಗಲ ಇರುವುದರಿಂದ ಹೆಚ್ಚುಕಡಿಮೆ 90 ಚುಕ್ಕೆ ಬರುತ್ತವೆ. ಸೀರೆಗೆ ಹೊಂದುವ ರೇಷ್ಮೆ ದಾರವನ್ನು ಮಕ್ಕಳ ಪರೀಕ್ಷೆ ಪ್ಯಾಡಿನಂಥ ರಟ್ಟಿಗೆ ಸುತ್ತಿ, ಒಂದು ಕಡೆ ಕತ್ತರಿಸಿ, 20–25 ಎಳೆಯ ಕಟ್ಟುಗಳನ್ನು ಮಾಡಿಟ್ಟುಕೊಳ್ಳಿ. ಇದು ಸೀರೆ ಮುಟ್ಟದೆ ಮಾಡುವ ಕೆಲಸ, ಮಗು ಪಕ್ಕದಲ್ಲಿ ಆಡುತ್ತಿದ್ದರೂ ನಡೆಯುತ್ತದೆ. ಕತ್ತರಿ ಮಾತ್ರ ಕೈಗೆಟುಕದ ಜಾಗದಲ್ಲಿರಲಿ. ಮಗು ಮಲಗಿದ ಮೇಲೆ ಸೀರೆ ತೆಗೆಯಿರಿ. ಸಣ್ಣ ಸೂಜಿಗೆ ಗಟ್ಟಿ ದಾರದ ಕುಣಿಕೆ ಹಾಕಿ, ಆ ಕುಣಿಕೆಯಲ್ಲಿ ಎಳೆಕಟ್ಟನ್ನು ಸಿಕ್ಕಿಸಿ ಚುಕ್ಕೆಯಲ್ಲಿ ಎಳೆದುಕೊಳ್ಳಿ. ದಪ್ಪ ಸೂಜಿ ಹಾಕಿದರೆ ರೇಷ್ಮೆಯಲ್ಲಿ ತೂತು ನಿಲ್ಲುತ್ತದೆ, ಅದಕ್ಕೇ ಈ ಕುಣಿಕೆ. ಎರಡೂ ತುದಿ ಸಮ ಮಾಡಿ, ಕೆಳಕ್ಕೆ ಮಡಿಸಿ, ಕುತ್ತಿಗೆಗೆ ಜರಿ ದಾರ ನಾಲ್ಕೈದು ಸುತ್ತು ಬಿಗಿದು ಗಂಟು ಹಾಕಿ. ಹಲ್ಲುಕಡ್ಡಿಯ ತುದಿಯಲ್ಲಿ ಗಂಟಿಗಷ್ಟೇ ಅಂಟು ಮುಟ್ಟಿಸಿ. ಟ್ಯೂಬಿನಿಂದ ನೇರ ಹಿಂಡಬೇಡಿ, ಅಂಟು ರೇಷ್ಮೆಗೆ ಹರಡಿದರೆ ಕಲೆ ಹೋಗುವುದಿಲ್ಲ. ತುದಿಗಳನ್ನು ಕೊನೆಯಲ್ಲಿ ಒಟ್ಟಿಗೆ ಒಂದೇ ಅಳತೆಗೆ ಕತ್ತರಿಸಿ.

ಶುರುವಿನಲ್ಲಿ ಒಂದು ಕುಚ್ಚಿಗೆ ಎರಡೂವರೆ ನಿಮಿಷ ಹಿಡಿಯುತ್ತದೆ. 20 ನಿಮಿಷಕ್ಕೆ ಎಂಟು. ದಿನಕ್ಕೆ ಅಂಥ ನಾಲ್ಕು ಬಿಡುವು ಸಿಕ್ಕಿದರೆ ಒಂದು ಸೀರೆಗೆ ಮೂರು ದಿನ. ಜ್ವರ, ಹಬ್ಬ, ನೆಂಟರು ಎಲ್ಲ ಕಳೆದು ತಿಂಗಳಿಗೆ ಎಂಟು ಸೀರೆ ಅಂದುಕೊಳ್ಳಿ. ನಾನು ಸಾದಾ ಕುಚ್ಚಿಗೆ 250 ರೂಪಾಯಿ ತಗೊಳ್ಳುತ್ತೇನೆ, ದಾರಕ್ಕೆ 40 ಹೋಗುತ್ತದೆ. ಎಂಟು ಸೀರೆಗೆ ಕೈಗೆ ಉಳಿಯುವುದು 1,680. ಕಡಿಮೆಯೇ, ಮುಚ್ಚಿಡುವುದಿಲ್ಲ. ನಿಮ್ಮಲ್ಲಿ ಯಂತ್ರ ಇರುವುದರಿಂದ ಫಾಲ್ ಮತ್ತು ಜಿಗ್‌ಜಾಗ್ ಜೊತೆಗೇ ವಹಿಸಿಕೊಳ್ಳಿ, ಒಂದೇ ಸೀರೆಗೆ ಇನ್ನೊಂದು 100 ಸಿಗುತ್ತದೆ. ಫಾಲ್ ಬಟ್ಟೆಯನ್ನು ಹಿಂದಿನ ರಾತ್ರಿಯೇ ನೀರಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿಕೊಳ್ಳಿ. ಇಲ್ಲದಿದ್ದರೆ ಮೊದಲ ಒಗೆತಕ್ಕೆ ಅದು ಕುಗ್ಗಿ ಸೀರೆಯ ಅಂಚು ಸುಕ್ಕುಗಟ್ಟುತ್ತದೆ, ಗಿರಾಕಿ ಮತ್ತೆ ಬರುವುದಿಲ್ಲ.

ಹೆಚ್ಚು ದುಡ್ಡು ಇರುವುದು ಕ್ರೋಶಾ ಕುಚ್ಚಿನಲ್ಲಿ, ಆದರೆ ಅದಕ್ಕೆ ಆರು ತಿಂಗಳಾದ ಮೇಲೆ ಕೈ ಹಾಕಿ. ಅದರಲ್ಲಿ ಕಡ್ಡಿಯ ಮೇಲೆ ಒಂದು ಕುಣಿಕೆ ಯಾವಾಗಲೂ ಬಿಚ್ಚಿಯೇ ಇರುತ್ತದೆ. ಕಡ್ಡಿ ಜಾರಿದರೆ ಮಾಡಿದ್ದೆಲ್ಲ ಸರಸರನೆ ಬಿಚ್ಚಿಕೊಳ್ಳುತ್ತದೆ. ನಾನು ಕುಪ್ಪಸಕ್ಕೆ ಒಂದು ಪಿನ್ನು ಸಿಕ್ಕಿಸಿಕೊಂಡೇ ಕೂರುತ್ತಿದ್ದೆ. ಮಗ ಎದ್ದ ಸದ್ದು ಕೇಳಿದರೆ ಕಡ್ಡಿ ತೆಗೆದು ಆ ಕುಣಿಕೆಗೆ ಪಿನ್ನು ಹಾಕಿ ಮುಚ್ಚಿ ಓಡುತ್ತಿದ್ದೆ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಮಣಿ ಕುಚ್ಚು ಈಗ ಬೇಡ. ಗಿರಾಕಿ ಎಷ್ಟೇ ಕೇಳಲಿ, 100 ರೂಪಾಯಿ ಹೆಚ್ಚು ಕೊಡುತ್ತೇನೆ ಅನ್ನಲಿ, ಬೇಡ. ಆ ವಯಸ್ಸಿನ ಮಗು ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತದೆ, ನೆಲಕ್ಕೆ ಉರುಳಿದ ಒಂದು ಮಣಿ ಗಂಟಲಿಗೆ ಸಿಕ್ಕಿದರೆ ಮುಗಿಯಿತು. ಸೂಜಿಗಳನ್ನೂ ಎಣಿಸಿ ತೆಗೆಯಿರಿ, ಎಣಿಸಿ ಇಡಿ. ನಾನು ಡಬ್ಬಿಯ ಮುಚ್ಚಳದ ಒಳಗೆ "5" ಎಂದು ಬರೆದಿದ್ದೆ. ಐದು ಸೂಜಿ ಆಗುವವರೆಗೆ ಮಗುವನ್ನು ಆ ಕೋಣೆಗೆ ಬಿಡುತ್ತಿರಲಿಲ್ಲ.

ಶಿವಮೊಗ್ಗದಿಂದ, ಟೈಲರ್ ಅಂಗಡಿಯವರು

ಅಮ್ಮಾ, ನಾವು ಅಂಗಡಿಯಲ್ಲಿ ಕುಚ್ಚು ಕಟ್ಟುವುದಿಲ್ಲ, ನಾಲ್ಕು ಮನೆಗಳಿಗೆ ಕೊಟ್ಟು ಕಟ್ಟಿಸುತ್ತೇವೆ. ಹುಡುಗ ಸೀರೆ ತಂದುಕೊಟ್ಟು ತಗೊಂಡು ಬರುತ್ತಾನೆ, ಆದ್ದರಿಂದ ನೀವು ಹೊರಗೆ ಹೋಗಬೇಕಾಗಿಲ್ಲ. ಅಂಗಡಿ ಮೂಲಕ ಬಂದರೆ ಮಜೂರಿ ಕಡಿಮೆ, ಗಿರಾಕಿಯಿಂದ 250 ಬಂದರೆ ಮನೆಯವರಿಗೆ 150–160 ಕೊಡುತ್ತೇವೆ. ಆದರೆ ಗಿರಾಕಿ ಹುಡುಕುವ, ಬಣ್ಣದ ಬಗ್ಗೆ ಫೋನಿನಲ್ಲಿ ಮಾತಾಡುವ ಸಮಯ ಉಳಿಯುತ್ತದೆ. ಮೊದಲ ಮೂರು ತಿಂಗಳು ಅಂಗಡಿಯ ಕೆಲಸ ಮಾಡಿ ಕೈ ಕುದುರಿಸಿಕೊಳ್ಳಿ. ಆಮೇಲೆ ಬೀದಿಯವರದು ನೇರವಾಗಿ ತಗೊಳ್ಳಿ.

ನಮಗೆ ಬೇಕಾದದ್ದು ಹೇಳಿದ ದಿನ ಸೀರೆ ಕೈಗೆ ಬರುವುದು. ಮಗು ಚಿಕ್ಕದು ಅಂತ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ, ಮುಹೂರ್ತದ ಹಿಂದಿನ ದಿನ "ಆಗಿಲ್ಲ" ಅಂದರೆ ಮಾತ್ರ ಕಷ್ಟ. ಮೂರು ದಿನದ ಕೆಲಸಕ್ಕೆ ಏಳು ದಿನ ಕೇಳಿ, ಧೈರ್ಯವಾಗಿ ಕೇಳಿ. ಶ್ರಾವಣದಲ್ಲಿ, ವರಮಹಾಲಕ್ಷ್ಮಿ ಹಬ್ಬದ ಮುಂಚಿನ ಎರಡು ವಾರ, ಎಲ್ಲರೂ ಒಟ್ಟಿಗೆ ತರುತ್ತಾರೆ. ಆಗ ಆಸೆಗೆ ಬಿದ್ದು ಹತ್ತು ಸೀರೆ ಒಪ್ಪಿಕೊಂಡವರು ನಾಲ್ಕನ್ನು ಹಾಗೇ ವಾಪಸ್ ಕಳಿಸಿದ್ದನ್ನು ನೋಡಿದ್ದೇನೆ. ಮೂರು ಒಪ್ಪಿಕೊಳ್ಳಿ.

ಸೀರೆ ಬಂದ ಕೂಡಲೇ ಪೂರ್ತಿ ಬಿಚ್ಚಿ, ಸೆರಗು ಮತ್ತು ಅಂಚಿನ ಫೋಟೋ ತೆಗೆದು, ಹಳೆಯ ಕಲೆ ಅಥವಾ ಎಳೆ ಕಿತ್ತದ್ದಿದ್ದರೆ ಆಗಲೇ ವಾಟ್ಸಾಪಿನಲ್ಲಿ ಕಳಿಸಿಬಿಡಿ. ಎರಡು ದಿನ ಬಿಟ್ಟು ಹೇಳಿದರೆ ನಿಮ್ಮ ಮನೆಯಲ್ಲೇ ಆದದ್ದು ಅನ್ನುತ್ತಾರೆ. ದಾರದ ಬಣ್ಣ ಹೊಂದಿಸುವುದು ಹಗಲು ಬೆಳಕಿನಲ್ಲಿ, ಕಿಟಕಿಯ ಹತ್ತಿರ. ಟ್ಯೂಬ್‌ಲೈಟಿನಲ್ಲಿ ಒಂದೇ ಥರ ಕಂಡ ನೇರಳೆ ಮತ್ತು ಕೆನ್ನೀಲಿ, ಬಿಸಿಲಿನಲ್ಲಿ ಬೇರೆ ಬೇರೆ ಆಗಿಬಿಡುತ್ತವೆ.

ಕೆಂಪು, ಮೆರೂನ್ ದಾರದ ಹೊಸ ಲಡಿ ಬಿಚ್ಚಿದಾಗ ನಾಲ್ಕು ಎಳೆ ಒದ್ದೆ ಮಾಡಿ ಬಿಳಿ ಬಟ್ಟೆಯ ನಡುವೆ ಒತ್ತಿ ನೋಡಿ. ನಮ್ಮಲ್ಲಿ ಒಮ್ಮೆ ಕೆನೆಬಣ್ಣದ ರೇಷ್ಮೆ ಸೀರೆಗೆ ಕೆಂಪು ಕುಚ್ಚು ಕಟ್ಟಿ ಕೊಟ್ಟೆವು. ಮದುವೆ ದಿನ ಮಳೆಯಲ್ಲಿ ಸೆರಗು ನೆನೆದು ಬಣ್ಣ ಬಿಟ್ಟಿತು. ಸೀರೆಯ ಅರ್ಧ ಬೆಲೆ ಕೊಟ್ಟೆ. ದಾರ ತರಿಸಿದವನು ನಾನೇ, ನೋಡಬೇಕಾದವನೂ ನಾನೇ ಆಗಿದ್ದೆ.

ತುಮಕೂರಿನಿಂದ

ಸೂಜಿ ಕೆಲಸ ಕಣ್ಣಿಗೆ ಆಗುವುದಿಲ್ಲ ಅನ್ನಿಸಿದರೆ ಮೊಳಕೆ ರಾಗಿ ಹಿಟ್ಟು ನೋಡಿ ಅಕ್ಕ. ಸಾರಿನ ಪುಡಿ, ಚಟ್ನಿಪುಡಿ ಮಾಡಿ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಮೆಣಸಿನಕಾಯಿ ಹುರಿಯಲು ಕೂತರೆ ಅರ್ಧಕ್ಕೆ ಬಿಟ್ಟು ಏಳುವ ಹಾಗಿಲ್ಲ, ಘಾಟಿಗೆ ಮಗು ಕೆಮ್ಮುತ್ತದೆ. ರಾಗಿ ಹಾಗಲ್ಲ, ಅದು ತನ್ನಷ್ಟಕ್ಕೆ ಕೆಲಸ ಮಾಡಿಕೊಳ್ಳುತ್ತದೆ.

ರಾತ್ರಿ ಎರಡು ಕಿಲೋ ರಾಗಿ ತೊಳೆದು ನೆನೆಹಾಕಲು ಹತ್ತು ನಿಮಿಷ. ಬೆಳಿಗ್ಗೆ ಬಸಿದು ಹತ್ತಿ ಬಟ್ಟೆಯಲ್ಲಿ ಕಟ್ಟಲು ಐದು ನಿಮಿಷ. ಒಂದು ದಿನ, ಚಳಿಯಿದ್ದರೆ ಎರಡು ದಿನ, ಗಂಟು ಆರದಂತೆ ನೀರು ಚಿಮುಕಿಸಿದರೆ ಸಾಕು. ಬಿಳಿ ಮೊಳಕೆ ಕಾಳಿನಷ್ಟೇ ಉದ್ದ ಬಂದಾಗ ತೆಗೆದು ಹರವಿ ಒಣಗಿಸಿ. ಇನ್ನೂ ಉದ್ದ ಬಿಟ್ಟರೆ ಹುಳಿ ವಾಸನೆ ಬರುತ್ತದೆ, ಆ ಗಂಟನ್ನು ಯಾರಿಗೂ ಮಾರಬೇಡಿ. ಒಣಗಿದೆಯೋ ಇಲ್ಲವೋ ಅನ್ನಲು ಒಂದು ಕಾಳು ಹಲ್ಲಿಗೆ ಹಾಕಿ. ಕಟ್ ಅಂದರೆ ಒಣಗಿದೆ, ಮೆತ್ತಗಾದರೆ ಇನ್ನೊಂದು ಬಿಸಿಲು ಬೇಕು. ಇಲ್ಲಿ ಅವಸರ ಮಾಡಿದ್ದಕ್ಕೇ ನನ್ನ ಮೊದಲ ನಾಲ್ಕು ಕಿಲೋ ಹಿಟ್ಟು ಹದಿನೈದು ದಿನಕ್ಕೆ ಮುಗ್ಗಿತು. ಮಗು ರಾತ್ರಿ ಮಲಗಿದ ಮೇಲೆ ಕಾಲು ಕಿಲೋದಂತೆ ಸಣ್ಣ ಉರಿಯಲ್ಲಿ ಹದವಾಗಿ ಹುರಿದು, ಆರಿಸಿ, ಮನೆಯವರ ಕೈಲಿ ಗಿರಣಿಗೆ ಕಳಿಸಿ. ಖಾರದಪುಡಿ ಬೀಸಿದ ಕಲ್ಲಿಗೆ ಹಾಕಿಸಬೇಡಿ ಅಂತ ಹೇಳಿಕಳಿಸಿ.

ಮಾರುವ ಮುಂಚೆ ಎಫ್ಎಸ್ಎಸ್ಎಐ ನೋಂದಣಿ ಬೇಕು, ಮನೆಯಲ್ಲೇ ಮಾಡಿದರೂ ಬೇಕು. FoSCoS ಜಾಲತಾಣದಲ್ಲಿ ಫೋಟೋ, ಗುರುತಿನ ಚೀಟಿ, ಮನೆಯ ವಿಳಾಸದ ದಾಖಲೆ ಹಾಕಿ ಮಾಡಿಸಿದೆ. ನಾನು ಮಾಡಿಸಿದಾಗ ವರ್ಷಕ್ಕೆ 100 ರೂಪಾಯಿ ಇತ್ತು. 14 ಅಂಕಿಯ ನೋಂದಣಿ ಸಂಖ್ಯೆ, ತೂಕ, ಮಾಡಿದ ದಿನ, ಹಸಿರು ಚುಕ್ಕೆ ಪೊಟ್ಟಣದ ಮೇಲೆ ಇರಬೇಕು. "ಶಿಶು ಆಹಾರ", "ಆರು ತಿಂಗಳ ಮಗುವಿಗೆ" ಎಂದು ಮಾತ್ರ ಬರೆಯಬೇಡಿ. ಎರಡು ವರ್ಷದೊಳಗಿನ ಮಕ್ಕಳ ಆಹಾರಕ್ಕೆ 1992ರ ಕಾಯ್ದೆಯೇ ಬೇರೆ ಇದೆ, ಅದರಲ್ಲಿ ಜಾಹೀರಾತಿಗೆ ಅವಕಾಶ ಇಲ್ಲ. "ಮೊಳಕೆ ರಾಗಿ ಹಿಟ್ಟು" ಅಂತಷ್ಟೇ ಬರೆದರೆ ಸಾಕು, ಅಜ್ಜಿಯರಿಗೂ ಅಂಬಲಿಗೂ ಅದೇ ಬೇಕು.

ಮಂಡ್ಯದಿಂದ

ನಾನು ದಾರಿ ಹೇಳುವಷ್ಟು ತಿಳಿದವಳಲ್ಲ, ಆದದ್ದು ಹೇಳುತ್ತೇನೆ. ಮಗಳಿಗೆ ಒಂದು ವರ್ಷ ಇದ್ದಾಗ "ಮನೆಯಲ್ಲೇ ಪೆನ್ಸಿಲ್ ಪ್ಯಾಕಿಂಗ್, ತಿಂಗಳಿಗೆ 25,000" ಎಂದು ಮೊಬೈಲಿಗೆ ಬಂತು. ನೋಂದಣಿಗೆ 650, ಆಮೇಲೆ ಸಾಮಾನಿನ ಠೇವಣಿ 1,900, ಆಮೇಲೆ ಕೊರಿಯರ್ ಶುಲ್ಕ ಅಂತ ಕಟ್ಟಿಸಿಕೊಂಡರು. ಪೆನ್ಸಿಲ್ಲೂ ಬರಲಿಲ್ಲ, ಫೋನೂ ಎತ್ತಲಿಲ್ಲ. ಕುಚ್ಚಿನ ಸೀರೆ ಕೊಡುವವರು ಯಾರಾದರೂ ನಿಮ್ಮಿಂದ ಮುಂಗಡ ಕೇಳುತ್ತಾರಾ, ಯೋಚಿಸಿ. ನಿಮ್ಮ ಐದು ಸಾವಿರದಲ್ಲಿ ಮೊದಲಿಗೆ 800 ಖರ್ಚು ಮಾಡಿ ಹತ್ತು ಬಣ್ಣದ ದಾರ, ಒಂದು ಲಡಿ ಜರಿ, ಸೂಜಿ, ಅಂಟು ತನ್ನಿ. ನಿಮ್ಮದೇ ಹಳೆಯ ಎರಡು ಸೀರೆಗೆ ಕಟ್ಟಿ, ಒಂದನ್ನು ಉಟ್ಟುಕೊಂಡು ಪಕ್ಕದ ಮನೆಯ ಅರಿಶಿನ ಕುಂಕುಮಕ್ಕೆ ಹೋಗಿ. ನನಗೆ ಮೊದಲ ಸೀರೆ ಬಂದದ್ದು ಹಾಗೆ.