ಅಸ್ತಮಾ, ಸಿಒಪಿಡಿ ಚಾರ್ಟ್ ಮಾಡಿದವರು ಸ್ವಲ್ಪ ಹೇಳಿ

ಜಿಎನ್‌ಎಂ ಎರಡನೇ ವರ್ಷದ ವಿದ್ಯಾರ್ಥಿನಿ: ಅಸ್ತಮಾ ಮತ್ತು ಸಿಒಪಿಡಿ ಹೋಲಿಸಿ ಒಂದು ಚಾರ್ಟ್ ಮಾಡಬೇಕು. ಇನ್‌ಹೇಲರ್ ಬಳಸುವ ಕ್ರಮ, ಪೀಕ್ ಫ್ಲೋ, ರೋಗಿಗೆ ಏನು ಹೇಳಿಕೊಡಬೇಕು, ಮೂರೂ ಬರಬೇಕಂತೆ. ಎರಡು ಕಾಲಂ ಎಳೆದು ಕೂತಿದ್ದೇನೆ. ಇನ್‌ಹೇಲರ್ ಸಾಲಿನಲ್ಲಿ ಎರಡೂ ಕಡೆ ಒಂದೇ ಮಾತು ಬರ್ತಾ ಇದೆ. ವಾರ್ಡಿನಲ್ಲಿ ಕೆಲಸ ಮಾಡಿದವರು ಹೇಗೆ ಮಾಡಿದ್ರಿ?

ಎದೆರೋಗ ವಾರ್ಡಿನ ಸ್ಟಾಫ್ ನರ್ಸ್: ಒಂದೇ ಮಾತು ಬರಲೇಬೇಕಮ್ಮ. ಇನ್‌ಹೇಲರ್ ಎಳೆಯುವ ಕ್ರಮ ಕಾಯಿಲೆ ನೋಡಿ ಬದಲಾಗಲ್ಲ, ಕೈಯಲ್ಲಿ ಯಾವ ಇನ್‌ಹೇಲರ್ ಇದೆ ಅನ್ನೋದನ್ನು ನೋಡಿ ಬದಲಾಗುತ್ತದೆ. ಆ ಸಾಲನ್ನು ಕಾಲಂಗಳಿಂದ ಹೊರಗೆ ತೆಗೆದು ಕೆಳಗೆ ಬೇರೆ ಚೌಕ ಮಾಡು. ಒಂದು ಕಡೆ ಒತ್ತುವ ಪಂಪ್, ಇನ್ನೊಂದು ಕಡೆ ಕ್ಯಾಪ್ಸೂಲ್ ಹಾಕುವ ಪುಡಿ ಇನ್‌ಹೇಲರ್.

ಪಂಪಿನಲ್ಲಿ ಔಷಧಿಯನ್ನು ಗ್ಯಾಸೇ ತಳ್ಳುತ್ತದೆ. ಅದಕ್ಕೆ ಉಸಿರು ನಿಧಾನ ಇರಬೇಕು. ಜೋರಾಗಿ ಎಳೆದರೆ ಗಂಟಲಿಗೆ ಹೊಡೆದು ಅಲ್ಲೇ ನಿಲ್ಲುತ್ತದೆ. ಪುಡಿಗೆ ತಳ್ಳುವವರು ಯಾರೂ ಇಲ್ಲ. ರೋಗಿಯ ಉಸಿರೇ ಅದನ್ನು ಎಬ್ಬಿಸಿ ಒಳಗೆ ಒಯ್ಯಬೇಕು. ಅದಕ್ಕೆ ಮೊದಲಿನಿಂದಲೇ ಜೋರಾಗಿ, ಉದ್ದಕ್ಕೆ ಎಳೆಯಬೇಕು. ನಮ್ಮ ವಾರ್ಡಿನಲ್ಲಿ ಕಾಣುವ ತಪ್ಪುಗಳಲ್ಲಿ ಜಾಸ್ತಿ ಇವೆರಡೂ ಅದಲುಬದಲಾಗಿದ್ದೇ. ಮೊದಲು ಪುಡಿ ತಗೊಳ್ತಿದ್ದವರಿಗೆ ಪಂಪ್ ಕೊಟ್ಟರೆ ಅದನ್ನೂ ಸರ್ರ್ ಅಂತ ಎಳೀತಾರೆ.

ಪಂಪ್: ಮುಚ್ಚಳ ತೆಗಿ, ಚೆನ್ನಾಗಿ ಅಲ್ಲಾಡಿಸು, ಉಸಿರನ್ನು ಪೂರ್ತಿ ಹೊರಗೆ ಬಿಡು. ತುಟಿ ಬಿಗಿದು ಎಳೆಯಲು ಶುರು ಮಾಡಿದ ಹಾಗೇ ಒಮ್ಮೆ ಒತ್ತು, ನಿಧಾನಕ್ಕೆ ಎಳೀತಾ ಹೋಗು. 10 ಸೆಕೆಂಡ್ ತಡೆ ಹಿಡಿ. ಎರಡನೇ ಪಫ್ ಬೇಕಿದ್ದರೆ ಅರ್ಧ ನಿಮಿಷ ಬಿಟ್ಟು, ಮತ್ತೆ ಅಲ್ಲಾಡಿಸಿ ತಗೋ. ಬಾಯಿಂದಲೋ ಮೂಗಿಂದಲೋ ಬಿಳಿ ಹೊಗೆ ಹೊರಗೆ ಬಂದರೆ ಆ ಡೋಸ್ ಒಳಗೆ ಹೋಗಿಲ್ಲ ಅಂತಲೇ ಲೆಕ್ಕ.

ಪುಡಿಯದ್ದನ್ನು ಅಲ್ಲಾಡಿಸುವುದು ಬೇಡ. ಉಸಿರು ಹೊರಗೆ ಬಿಡುವಾಗ ಮುಖ ಆಚೆ ತಿರುಗಿಸಬೇಕು. ಇನ್‌ಹೇಲರ್ ಒಳಗೇ ಊದಿದರೆ ತೇವಕ್ಕೆ ಪುಡಿ ಅಂಟಿಕೊಳ್ಳುತ್ತದೆ. ಎಳೆದಾದ ಮೇಲೆ ತೆರೆದು ತೋರಿಸಿ ಅನ್ನು. ಪುಡಿ ಉಳಿದಿದ್ದರೆ ಇನ್ನೊಮ್ಮೆ ಎಳೆಸು. ಇನ್ನೊಂದು ವಿಷಯ ದೊಡ್ಡಕ್ಷರದಲ್ಲಿ ಬರಿ: ಈ ಕ್ಯಾಪ್ಸೂಲ್ ನುಂಗುವುದಲ್ಲ. ಗುಳಿಗೆ ಅಂದ್ಕೊಂಡು ನೀರು ಕುಡಿದು ನುಂಗಿದವರನ್ನು ನೋಡಿದ್ದೇನೆ.

ಮೆಡಿಕಲ್ ಶಾಪ್ ಫಾರ್ಮಸಿಸ್ಟ್: ಸಿಸ್ಟರ್ ಹೇಳಿದ್ದು ಸರಿ, ಆದ್ರೆ ರೋಗಿಗೆ ಇಷ್ಟೆಲ್ಲ ತಲೆಗೆ ಹೋಗಲ್ಲ. ಬಣ್ಣದಲ್ಲಿ ಹೇಳಿದರೆ ಸುಲಭ. ನೀಲಿ ಅಂದ್ರೆ ದಮ್ಮು ಬಂದಾಗ, ಉಳಿದ ಬಣ್ಣ ದಿನಾ. ಪಂಪ್ ಖಾಲಿ ಆಗಿದೆಯಾ ಅಂತ ನೋಡಲು ಡಬ್ಬಿಯನ್ನು ನೀರಿಗೆ ಹಾಕಿ ಅಂತ ನಾವು ಹೇಳ್ತೀವಿ, ತೇಲಿದರೆ ಖಾಲಿ. ಇದನ್ನೂ ಚಾರ್ಟಿಗೆ ಹಾಕಬಹುದು.

ಎದೆರೋಗ ವಾರ್ಡಿನ ಸ್ಟಾಫ್ ನರ್ಸ್: ಎರಡು ಕೆಲಸದ ಪಂಪ್ ಬೇರೆ ಬೇರೆ ಅಂತ ತೋರಿಸೋದು ಒಳ್ಳೆಯದೇ ಸರ್. ಆದರೆ ಬಣ್ಣವನ್ನೇ ನಂಬಿಸಬೇಡಿ, ಕಂಪನಿ ಬದಲಾದರೆ ಬಣ್ಣವೂ ಬದಲಾಗುತ್ತದೆ. ಔಷಧಿ ಹೆಸರನ್ನೇ ಓದಿಸಿ. ಓದಲು ಬಾರದವರಿಗೆ ನಾವು ದಿನದ ಪಂಪಿಗೆ ಪ್ಲಾಸ್ಟರ್ ಸುತ್ತಿ ಕೊಡ್ತೀವಿ. ನೀರಿನ ಪರೀಕ್ಷೆ ಮಾತ್ರ ಬೇಡ. ಔಷಧಿ ಮುಗಿದ ಮೇಲೂ ಒಳಗೆ ಗ್ಯಾಸ್ ಇರುತ್ತದೆ. ಡಬ್ಬಿ ಹೇಗೆ ತೇಲಿದರೂ ಅದರಿಂದ ಗೊತ್ತಾಗಲ್ಲ, ಮೇಲಾಗಿ ಮೂತಿಗೆ ನೀರು ಹೋಗುತ್ತದೆ. ಕೌಂಟರ್ ಇದ್ದರೆ ಅದನ್ನು ನೋಡಬೇಕು. ಇಲ್ಲದಿದ್ದರೆ ಲೆಕ್ಕ ಹಾಕಬೇಕು: 200 ಪಫ್‌ನ ಪಂಪ್, ದಿನಕ್ಕೆ 4 ಪಫ್ ಅಂದ್ರೆ 50 ದಿನ. ಶುರು ಮಾಡಿದ ತಾರೀಕನ್ನು ಡಬ್ಬಿ ಮೇಲೆ ಬರೆದರೆ ಸಾಕು.

ಬ್ಯಾಂಕ್ ಉದ್ಯೋಗಿ: ನಾನು ನರ್ಸಿಂಗ್‌ನವನಲ್ಲ, ನಮ್ಮಮ್ಮನ ವಿಷಯಕ್ಕೆ ಕೇಳ್ತಿದ್ದೇನೆ. ಮಲೆನಾಡಿನ ಮನೆ, ನಲವತ್ತು ವರ್ಷ ಸೌದೆ ಒಲೆ. ಬೀಡಿ ಸಿಗರೇಟು ಮುಟ್ಟಿದವರಲ್ಲ, ಆದ್ರೂ ಸಿಒಪಿಡಿ ಅಂದಿದ್ದಾರೆ. ಪೀಕ್ ಫ್ಲೋ ಮೀಟರ್ ತಂದುಕೊಟ್ಟೆ. ದಿನಾ 150, 160, 155 ಹೀಗೇ ಬರ್ತಾ ಇದೆ. ಜೊತೆಗೆ ಬಂದ ಹಾಳೆಯ ಪ್ರಕಾರ ಕೆಂಪು ಬಣ್ಣದಲ್ಲಿದೆ. ದಿನಾ ಆಸ್ಪತ್ರೆಗೆ ಓಡಬೇಕಾ?

ಪಿಎಫ್‌ಟಿ ಲ್ಯಾಬ್ ಟೆಕ್ನಿಷಿಯನ್: ಸರ್, ಮೊದಲು ನಿಮ್ಮ ಡಾಕ್ಟರಿಗೆ ಆ ಅಂಕೆಗಳನ್ನು ತೋರಿಸಿ, ಅಮ್ಮನ ಬಗ್ಗೆ ಹೇಳಬೇಕಾದವರು ಅವರು. ಆದರೆ ನೀವು ಬರೆದ ಮೂರು ಅಂಕೆ ಈ ಹುಡುಗಿಯ ಚಾರ್ಟಿಗೆ ಚಿನ್ನದಂಥವು, ಅದಕ್ಕೇ ಬರೀತಿದ್ದೇನೆ.

ಪೀಕ್ ಫ್ಲೋ ಅಳೆಯೋದು ಊದಿದ ಮೊದಲ ಕ್ಷಣದ ರಭಸವನ್ನು ಮಾತ್ರ. ಅಸ್ತಮಾದಲ್ಲಿ ಕೊಳವೆ ಒಮ್ಮೆ ಬಿಗಿಯುತ್ತದೆ, ಒಮ್ಮೆ ಸಡಿಲವಾಗುತ್ತದೆ. ಹಾಗಾಗಿ ಅಂಕೆ ಏರಿಳಿಯುತ್ತದೆ, ಆ ಏರಿಳಿತವೇ ನಮಗೆ ಬೇಕಾದದ್ದು. ಸಿಒಪಿಡಿಯಲ್ಲಿ ತೊಂದರೆ ಇರುವುದು ಸಣ್ಣ ಕೊಳವೆಗಳಲ್ಲಿ, ಗಾಳಿ ಹೊರಗೆ ಬರುವ ಕೊನೆಕೊನೆಯಲ್ಲಿ. ಮೊದಲ ರಭಸ ನೋಡಿ ಅದರ ತೀವ್ರತೆ ಹೇಳಲಾಗದು. ಕೆಲವರಲ್ಲಿ ಅಂಕೆ ಇರುವುದಕ್ಕಿಂತ ಚೆನ್ನಾಗಿಯೇ ಕಾಣುತ್ತದೆ. ಅದಕ್ಕೆ ಸಿಒಪಿಡಿ ಹೌದೋ ಅಲ್ಲವೋ ಅಂತ ತೀರ್ಮಾನಿಸಲು ಸ್ಪೈರೋಮೆಟ್ರಿಯೇ ಬೇಕು. ಕೊಳವೆ ಸಡಿಲಿಸುವ ಸಾಲ್ಬುಟಮಾಲ್ ಕೊಟ್ಟ ಮೇಲೂ FEV1/FVC, ಅಂದ್ರೆ ಊದಿದ ಒಟ್ಟು ಗಾಳಿಯಲ್ಲಿ ಮೊದಲ ಸೆಕೆಂಡಿನಲ್ಲೇ ಹೊರಬಂದ ಪಾಲು, 0.70ಕ್ಕಿಂತ ಕಡಿಮೆ ಇದೆಯಾ ಅಂತ ನೋಡುತ್ತೇವೆ.

ಈಗ ಇನ್ನೊಬ್ಬರನ್ನು ಪಕ್ಕಕ್ಕೆ ಇಡಿ. ನಮ್ಮಲ್ಲಿಗೆ ಬಂದಿದ್ದ ಬೇಕರಿ ಹುಡುಗ, ರಾತ್ರಿಯೆಲ್ಲ ಮೈದಾ ಕಲಸುವ ಕೆಲಸ. ಕೆಲಸ ಮುಗಿಸಿ ಬಂದ ಬೆಳಿಗ್ಗೆ 320, ಮಲಗಿ ಎದ್ದ ಸಂಜೆ 410. ವ್ಯತ್ಯಾಸ 90, ಎರಡರ ಸರಾಸರಿ 365. 90ನ್ನು 365ರಿಂದ ಭಾಗಿಸಿದರೆ ಶೇಕಡ 25ರ ಹತ್ತಿರ. ದೊಡ್ಡವರಲ್ಲಿ ದಿನದಿನದ ಈ ಏರಿಳಿತ ಒಂದೆರಡು ವಾರದ ಸರಾಸರಿಯಲ್ಲಿ ಶೇಕಡ 10 ದಾಟಿದರೆ ಅಸ್ತಮಾ ಅನ್ನೋದಕ್ಕೆ ಬಲ ಬರುತ್ತದೆ. ಅದೇ ಲೆಕ್ಕ ನಿಮ್ಮಮ್ಮನ ಅಂಕೆಗೆ ಹಾಕಿ: 150ರಿಂದ 160, ವ್ಯತ್ಯಾಸ 10, ಸರಾಸರಿ 155. ಶೇಕಡ ಆರೂವರೆ. ಅಂಕೆ ಕಡಿಮೆ, ಆದ್ರೆ ಅಲ್ಲಾಡೋದೇ ಇಲ್ಲ. ಚಾರ್ಟಿನಲ್ಲಿ ಎರಡು ಸಣ್ಣ ಗ್ರಾಫ್ ಬರೆದರೆ ಸಾಕು, ಒಂದು ಗರಗಸದ ಹಲ್ಲಿನ ಹಾಗೆ, ಒಂದು ಚಪ್ಪಟೆ ಗೆರೆ.

ಹುಡುಗನ ವಿಷಯ ಅಲ್ಲಿಗೆ ಮುಗಿಯಲಿಲ್ಲ. ಅಸ್ತಮಾ ಇದ್ದವರಿಗೆ ಬೆಳಿಗ್ಗೆ ಅಂಕೆ ಇಳಿಯೋದು ಮಾಮೂಲು, ಮೈದಾವನ್ನೇ ದೂರಲು ಆಗಲ್ಲ ಅಲ್ವಾ? ರಜೆಯಲ್ಲಿ ಊರಿಗೆ ಹೋದಾಗಲೂ ಬರೆದಿಡಲು ಹೇಳಿದೆವು. ಅಲ್ಲಿ ಬೆಳಿಗ್ಗೆ ಸಂಜೆ ಎರಡೂ 460, 470. ವಾಪಸ್ ಬಂದು ಕೆಲಸಕ್ಕೆ ಸೇರಿದ ಮೇಲೆ ಮತ್ತೆ ಇಳಿಯಿತು. ಆಗ ಡಾಕ್ಟರಿಗೆ ಹಿಟ್ಟಿನ ಧೂಳಿನ ಮೇಲೆ ಅನುಮಾನ ಗಟ್ಟಿಯಾಯಿತು. ಅವನ ಅತ್ಯುತ್ತಮ ಅಂಕೆ 480 ಅಂತ ಇಟ್ಟರೆ ಶೇಕಡ 80 ಅಂದ್ರೆ 384, ಅದರ ಮೇಲೆ ಹಸಿರು. ಶೇಕಡ 50 ಅಂದ್ರೆ 240, ಅದರ ಕೆಳಗೆ ಕೆಂಪು. ನಡುವೆ ಹಳದಿ. ಈ ಬಣ್ಣಗಳು ಅಸ್ತಮಾ ಕಾಲಂಗೆ ಮಾತ್ರ. ಅದೂ ಕಾಯಿಲೆ ಹತೋಟಿಯಲ್ಲಿದ್ದಾಗ ಎರಡು ವಾರ ಅಳೆದು ಸಿಕ್ಕ ಸ್ವಂತ ಅಂಕೆಯ ಮೇಲೆ. ಮೀಟರ್ ಡಬ್ಬಿಯ ಹಾಳೆಯಲ್ಲಿ ಸಾಮಾನ್ಯವಾಗಿ ವಯಸ್ಸು, ಎತ್ತರ ನೋಡಿ ಹಾಕಿದ ಅಂದಾಜು ಇರುತ್ತದೆ. ನಿಮ್ಮಮ್ಮನಿಗೆ ಕೆಂಪು ತೋರಿಸುತ್ತಿರುವುದು ಅದಕ್ಕೇ ಇರಬಹುದು.

ಆದರೆ ಉಸಿರಾಟ ಎಂದಿಗಿಂತ ಜೋರಾದರೆ, ಕಫದ ಬಣ್ಣ ಬದಲಾದರೆ, ಮಾತಾಡಲು ಕಷ್ಟವಾದರೆ ಮೀಟರ್ ಏನೇ ಹೇಳಲಿ, ಹೊರಡಿ.

ವಿದ್ಯಾರ್ಥಿನಿ: ಸರ್, ಊದಿಸುವುದರಲ್ಲಿ ತಪ್ಪಾದರೆ ಹೇಗೆ ಗೊತ್ತಾಗುತ್ತೆ? ನಮ್ಮ ಕ್ಲಾಸಲ್ಲಿ ಒಬ್ಬಳಿಗೆ 700 ಬಂತು!

ಪಿಎಫ್‌ಟಿ ಲ್ಯಾಬ್ ಟೆಕ್ನಿಷಿಯನ್: ಬಹುಶಃ ಉಗುಳುವ ಹಾಗೆ ನಾಲಿಗೆಯಿಂದ ತಳ್ಳಿರಬೇಕು. ಕೆಮ್ಮಿದರೂ ಹಾಗೇ ಹಾರುತ್ತದೆ. ನಿಂತುಕೊಂಡು, ಮುಳ್ಳನ್ನು ಸೊನ್ನೆಗೆ ತಂದು, ಬೆರಳು ಮುಳ್ಳಿನ ದಾರಿಗೆ ಅಡ್ಡ ಬರದ ಹಾಗೆ ಹಿಡಿದು, ಪೂರ್ತಿ ಉಸಿರು ಎಳೆದು ಒಂದೇ ಏಟಿಗೆ ಊದಬೇಕು. ಮೂರು ಸಲ ಊದಿಸಿ ಹೆಚ್ಚಿನದನ್ನು ಬರೆಯಬೇಕು, ಸರಾಸರಿ ಅಲ್ಲ. ಮೂರೂ ಹತ್ತಿರ ಹತ್ತಿರ ಇರಬೇಕು. 300, 310, 420 ಬಂದರೆ ಆ 420 ನಂಬಬೇಡ, ಮತ್ತೆ ಊದಿಸು. ಯಾವಾಗಲೂ ಒಂದೇ ಮೀಟರ್ ಇರಲಿ.

ಫಿಸಿಯೋಥೆರಪಿಸ್ಟ್: ಸಿಒಪಿಡಿ ಕಾಲಂನಲ್ಲಿ ಪೀಕ್ ಫ್ಲೋ ಸಾಲನ್ನೇ ಖಾಲಿ ಬಿಡಿ ಅನ್ನೋದು ನನ್ನ ಮಾತು. ಆ ಜಾಗಕ್ಕೆ ನಡಿಗೆ ಹಾಕಿ. ಹೋದ ತಿಂಗಳು ಮನೆಯಿಂದ ಅಂಗಡಿವರೆಗೆ ಎಷ್ಟು ಕಡೆ ನಿಂತಿರಿ, ಈ ತಿಂಗಳು ಎಷ್ಟು ಕಡೆ ಅಂತ ಕೇಳಿದರೆ ಹೆಚ್ಚು ಗೊತ್ತಾಗುತ್ತೆ. ಜೊತೆಗೆ ತುಟಿ ಮುದುಡಿ ಉಸಿರು ಬಿಡೋದು: ಮೂಗಿಂದ ಎರಡು ಎಣಿಸುವಷ್ಟು ಎಳೆದು, ಸೀಟಿ ಹೊಡೆಯುವ ಹಾಗೆ ತುಟಿ ಮಾಡಿ ನಾಲ್ಕು ಎಣಿಸುವಷ್ಟು ಬಿಡಬೇಕು. ಮೆಟ್ಟಿಲು ಹತ್ತುವಾಗ ಹತ್ತುವ ಹೆಜ್ಜೆಗೆ ಉಸಿರು ಬಿಡಬೇಕು. ಗಾಳಿ ಒಳಗೆ ಸಿಕ್ಕಿಕೊಳ್ಳುವ ಕಾಯಿಲೆ ಅದು, ಹೊರಗೆ ಬಿಡೋದನ್ನೇ ಕಲಿಸಬೇಕು.

ಪಿಎಫ್‌ಟಿ ಲ್ಯಾಬ್ ಟೆಕ್ನಿಷಿಯನ್: ನಡಿಗೆ ಸರಿ. ಸಾಲು ಖಾಲಿ ಬಿಡೋದು ನನಗೆ ಒಪ್ಪಿಗೆ ಇಲ್ಲ. "ಏರಿಳಿತ ಕಡಿಮೆ, ಇದರಿಂದ ತೀರ್ಮಾನಿಸಬೇಡಿ" ಅಂತ ಬರೆದರೇ ವಿದ್ಯಾರ್ಥಿಗಳಿಗೆ ಉಪಯೋಗ. ಖಾಲಿ ಜಾಗ ನೋಡಿದರೆ ಮರೆತಿದ್ದಾಳೆ ಅಂತಾರೆ.

ಎದೆರೋಗ ವಾರ್ಡಿನ ಸ್ಟಾಫ್ ನರ್ಸ್: ಹೇಳಿಕೊಡುವ ಸಾಲಿನಲ್ಲಿ ನಾನಾದರೆ ಒಂದೊಂದೇ ಮುಖ್ಯ ಮಾತು ಹಾಕ್ತೀನಿ. ಅಸ್ತಮಾದವರು ದಮ್ಮು ಇಳಿದ ತಕ್ಷಣ ಸ್ಟೀರಾಯ್ಡ್ ಇರುವ ದಿನದ ಪಂಪ್ ಬಿಡ್ತಾರೆ, ನೀಲಿಯದ್ದನ್ನು ಮಾತ್ರ ಇಟ್ಕೊಳ್ತಾರೆ. ಆರಾಮಾಗಿದ್ದೀನಿ ಅನ್ನಿಸಿದಾಗಲೂ ಬಿಡಬೇಡಿ ಅಂತ ಅವರಿಗೆ. ಸಿಒಪಿಡಿಯವರಿಗೆ ಹೊಗೆ ನಿಲ್ಲಿಸಿ ಅಂತ, ಬೀಡಿಯಾದರೂ ಸರಿ, ಒಲೆಯಾದರೂ ಸರಿ. ಸ್ಟೀರಾಯ್ಡ್ ಪಂಪ್ ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗಿಯೋದು ಇಬ್ಬರಿಗೂ. ಇಲ್ಲದಿದ್ದರೆ ನಾಲಿಗೆ ಮೇಲೆ ಬಿಳಿ ಅಗ್ರ ಬರುತ್ತೆ.

ಫಾರ್ಮಸಿಸ್ಟ್ ಸರ್‌ಗೆ ಒಂದು ಮಾತು. ತುಂಬಾ ಸುಸ್ತಾದ ಸಿಒಪಿಡಿ ಅಜ್ಜ ಅಜ್ಜಿಯರಿಗೆ ಪುಡಿ ಎಳೆಯುವ ಶಕ್ತಿ ಇದೆಯಾ ಅಂತ ಒಮ್ಮೆ ಎಳೆಸಿ ನೋಡಿ. ಇಲ್ಲದಿದ್ದರೆ ಡಾಕ್ಟರಿಗೆ ಹೇಳಿ, ಸ್ಪೇಸರ್ ಅಂದ್ರೆ ಔಷಧಿ ಹಿಡಿದಿಡುವ ಪ್ಲಾಸ್ಟಿಕ್ ಕೊಳವೆ ಹಾಕಿದ ಪಂಪಿಗೆ ಬದಲಾಯಿಸಬಹುದು. ಸ್ಪೇಸರ್‌ನಲ್ಲಿ ಒಂದು ಸಲಕ್ಕೆ ಒಂದೇ ಪಫ್. ಸೋಪಿನ ನೀರಲ್ಲಿ ಅದ್ದಿ ಹಾಗೇ ಆರಲು ಬಿಡಬೇಕು, ಬಟ್ಟೆಯಿಂದ ಒರೆಸಿದರೆ ಔಷಧಿ ಗೋಡೆಗೇ ಅಂಟುತ್ತದೆ.

ವಿದ್ಯಾರ್ಥಿನಿ: ಥ್ಯಾಂಕ್ಸ್ ಅಕ್ಕ. ಕೊನೇದು ಒಂದು. ಚಿಕ್ಕಂದಿನಿಂದ ಅಸ್ತಮಾ ಇದ್ದು ಆಮೇಲೆ ಮೂವತ್ತು ವರ್ಷ ಬೀಡಿ ಸೇದಿದವರನ್ನು ಯಾವ ಕಾಲಂಗೆ ಹಾಕಲಿ?

ಎದೆರೋಗ ವಾರ್ಡಿನ ಸ್ಟಾಫ್ ನರ್ಸ್: ಎರಡೂ ಇರುವವರು ನಮ್ಮಲ್ಲೂ ಇದ್ದಾರೆ, ಡಾಕ್ಟರುಗಳೇ ಒಬ್ಬೊಬ್ಬರು ಒಂದೊಂದು ಥರ ಬರೀತಾರೆ. ಎರಡು ಕಾಲಂ ನಡುವಿನ ಗೆರೆಯನ್ನು ಚುಕ್ಕಿ ಚುಕ್ಕಿಯಾಗಿ ಎಳಿ. ಅಂಥವರ ಸ್ಟೀರಾಯ್ಡ್ ಪಂಪ್ ತಪ್ಪಿಸಬಾರದು ಅಂತ ಅಲ್ಲೇ ಬರಿ.

ಪಿಎಫ್‌ಟಿ ಲ್ಯಾಬ್ ಟೆಕ್ನಿಷಿಯನ್: ಚುಕ್ಕಿ ಗೆರೆ ಎಳೆದರೆ ಪರೀಕ್ಷಕರು ಅದನ್ನೇ ಕೇಳ್ತಾರೆ, ಉತ್ತರ ರೆಡಿ ಇಟ್ಕೋ.